ಎಷ್ಟು ಕಿಲೋಮೀಟರ್ ಅಂತ ಕೇಳುವ ಕ್ಲಿನಿಕ್‌ನವರಿಗೆಲ್ಲ

"ನಮ್ಮ ಕ್ಲಿನಿಕ್‌ಗೆ ಗೂಗಲ್‌ನಲ್ಲಿ ಜಾಹೀರಾತು ಹಾಕ್ತಾ ಇದ್ದೇವೆ. ಸುತ್ತ ಎಷ್ಟು ಕಿಲೋಮೀಟರ್ ಇಟ್ರೆ ಒಳ್ಳೇದು? ಒಂದು ನಂಬರ್ ಹೇಳಿ, ಸಾಕು."

ಇಲ್ಲ, ಹೇಳುವುದಿಲ್ಲ. ಫೋನಿನಲ್ಲಿ ಹೇಳಿ ಆಯಿತು, ಮದುವೆ ಮನೆಯ ಪಂಕ್ತಿಯಲ್ಲಿ ಬಾಳೆಲೆ ಎದುರಿಗಿಟ್ಟುಕೊಂಡು ಹೇಳಿ ಆಯಿತು. ಇನ್ನು ಯಾರು ಕೇಳಿದರೂ ಈ ಬರಹವನ್ನೇ ಕಳಿಸುತ್ತೇನೆ. ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಕೊನೆಯ ಆ "ಒಂದು ನಂಬರ್ ಸಾಕು" ಅನ್ನುವುದಕ್ಕೆ. ಡಾಕ್ಟ್ರೇ, ಯಾರೋ ಫೋನ್ ಮಾಡಿ "ಹೊಟ್ಟೆನೋವಿಗೆ ಎಷ್ಟು ಎಂಜಿ?" ಅಂತ ಕೇಳಿದರೆ ನೀವು ಸುಮ್ನೆ ಒಂದು ನಂಬರ್ ಹೇಳ್ತೀರಾ?

ಕುಮಟಾದ ಒಂದು ಫಿಸಿಯೋಥೆರಪಿ ಕ್ಲಿನಿಕ್ ಅಂದುಕೊಳ್ಳಿ. ಫಿಸಿಯೋಥೆರಪಿಯನ್ನೇ ಆರಿಸಿಕೊಳ್ಳಲು ಕಾರಣ ಇದೆ. ಇಲ್ಲಿ ರೋಗಿ ಒಂದು ಸಲ ಬಂದು ಹೋದರೆ ಮುಗಿಯುವುದಿಲ್ಲ. ಮಂಡಿನೋವಿನ ಅಜ್ಜಿ ವಾರಕ್ಕೆ ಎರಡು ಮೂರು ಸಲ, ಕೆಲವು ವಾರ ಬರಬೇಕು. ಒಂದು ಸಲ ಎಷ್ಟು ದೂರದಿಂದಲೂ ಬರಬಹುದು. ಹತ್ತು ಸಲ ಬರುವವರು ಹತ್ತಿರದವರು ಮಾತ್ರ.

ಈಗ ಆ ಕ್ಲಿನಿಕ್‌ನವರು ಎಲ್ಲರ ಹಾಗೆ 20 ಕಿಲೋಮೀಟರ್ ಸರ್ಕಲ್ ಹಾಕುತ್ತಾರೆ. ಮ್ಯಾಪ್ ತೆರೆದು ನೋಡಿ. ಸರ್ಕಲ್‌ನ ಹತ್ತಿರ ಹತ್ತಿರ ಅರ್ಧ ಸಮುದ್ರದಲ್ಲಿದೆ. ಅದರಿಂದ ನಷ್ಟವಿಲ್ಲ, ಅಲ್ಲಿ ಯಾರೂ ಕ್ಲಿಕ್ ಮಾಡುವುದಿಲ್ಲ. ತೊಂದರೆ ಇರುವುದು ನೆಲದ ಮೇಲೆ. ದಕ್ಷಿಣಕ್ಕೆ ಹೊನ್ನಾವರ ಸರ್ಕಲ್ ಒಳಗೆ ಬರುತ್ತದೆ. ಉತ್ತರಕ್ಕೆ ಗೋಕರ್ಣವೂ ಒಳಗೆ ಬರುತ್ತದೆ. ನೇರ ಗೆರೆ ಎಳೆದರೆ ಎರಡೂ ಕುಮಟಾದಿಂದ 16-17 ಕಿಲೋಮೀಟರ್. ಗೂಗಲ್‌ನ ಸರ್ಕಲ್ ಅಳೆಯುವುದು ಆ ನೇರ ಗೆರೆಯನ್ನೇ, ರಸ್ತೆಯನ್ನಲ್ಲ. ರಸ್ತೆಯಲ್ಲಿ ಹೊನ್ನಾವರ ಸುಮಾರು 20 ಕಿಲೋಮೀಟರ್, ಹೆದ್ದಾರಿಯಲ್ಲಿ ನೆಟ್ಟಗೆ ಬಂದರಾಯಿತು. ಗೋಕರ್ಣದವರಿಗೆ ನಡುವೆ ಅಘನಾಶಿನಿ ನದಿ ಇದೆ. ಅವರು ಮಾದನಗೇರಿಗೆ ಬಂದು, ಹೆದ್ದಾರಿ ಹಿಡಿದು, ಮಿರ್ಜಾನ್ ಮೇಲೆ ಸುತ್ತಿ ಬರಬೇಕು. ಸುಮಾರು 30 ಕಿಲೋಮೀಟರ್. ತದಡಿಯಲ್ಲಿ ದೋಣಿ ದಾಟಿ ಬರಬಹುದು ಅಂತ ಒಬ್ಬರು ನನ್ನ ಹತ್ತಿರ ವಾದ ಮಾಡಿದರು. ಬೆನ್ನುನೋವಿನ ರೋಗಿಯನ್ನು ವಾರಕ್ಕೆ ಮೂರು ಸಲ ದೋಣಿ ಹತ್ತಿಸುತ್ತೀರಾ?

ಗೋಕರ್ಣದ ಇನ್ನೊಂದು ವಿಷಯ. ಅಲ್ಲಿ ಯಾವಾಗಲೂ ಪ್ರವಾಸಿಗಳಿರುತ್ತಾರೆ. ಬೀಚ್‌ನಲ್ಲಿ ಕಾಲು ಉಳುಕಿದವರು ಮೊಬೈಲ್ ತೆಗೆದು ಹುಡುಕುತ್ತಾರೆ, ನಿಮ್ಮ ಜಾಹೀರಾತು ಕಾಣುತ್ತದೆ, ಒತ್ತುತ್ತಾರೆ, ದುಡ್ಡು ಹೋಗುತ್ತದೆ. ಮರುದಿನ ಅವರು ಬಸ್ ಹತ್ತಿ ಊರಿಗೆ ಹೋಗುತ್ತಾರೆ. ದಿನಕ್ಕೆ 300 ರೂಪಾಯಿ ಇಟ್ಟಿದ್ದೀರಿ, ಒಂದು ಕ್ಲಿಕ್‌ಗೆ 15 ರೂಪಾಯಿ ಬೀಳುತ್ತದೆ ಅಂದುಕೊಳ್ಳಿ. ದಿನಕ್ಕೆ ನಿಮಗೆ ಸಿಗುವುದೇ 20 ಕ್ಲಿಕ್. ಅದರಲ್ಲಿ ಐದಾರು ಹೀಗೆ ಹೋದರೆ ಸಂಜೆ ಹೊತ್ತಿಗೆ ಬಜೆಟ್ ಖಾಲಿ. ಕೆಲಸ ಮುಗಿಸಿ ಮನೆಗೆ ಬಂದು ಹುಡುಕುವ ಧಾರೇಶ್ವರದವರಿಗೆ ನಿಮ್ಮ ಹೆಸರೇ ಕಾಣುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಆ ಒಂದು ದೊಡ್ಡ ಸರ್ಕಲ್ ತೆಗೆದುಹಾಕಿ, ರಸ್ತೆಯ ಗುಂಟ ಸಣ್ಣ ಸಣ್ಣ ಸರ್ಕಲ್ ಹಾಕಿ. ಒಂದೇ ಕ್ಯಾಂಪೇನ್‌ನಲ್ಲಿ ಎಷ್ಟೋ ಸರ್ಕಲ್ ಹಾಕಲು ಬರುತ್ತದೆ. ಕ್ಲಿನಿಕ್‌ನ ಬಾಗಿಲಿಗೆ ಪಿನ್ ಇಟ್ಟು 8 ಕಿಲೋಮೀಟರ್. ಹಳದೀಪುರಕ್ಕೆ ಒಂದು 4. ಹೊನ್ನಾವರಕ್ಕೆ ಒಂದು 4. ಮೂರೂ ಸ್ವಲ್ಪ ಸ್ವಲ್ಪ ಒಂದರ ಮೇಲೊಂದು ಬರುತ್ತವೆ, ತೊಂದರೆ ಇಲ್ಲ. ಉತ್ತರಕ್ಕೆ ಮಿರ್ಜಾನ್ ಸಿಗುತ್ತದೆ, ದಕ್ಷಿಣಕ್ಕೆ ಹೆದ್ದಾರಿಯ ಊರುಗಳು ಸಿಗುತ್ತವೆ, ಗೋಕರ್ಣ ಹೊರಗೆ ಉಳಿಯುತ್ತದೆ. 20 ಕಿಲೋಮೀಟರ್‌ನ ಸರ್ಕಲ್ ಅಂದರೆ 1,250 ಚದರ ಕಿಲೋಮೀಟರ್‌ಗಿಂತ ಜಾಸ್ತಿ ಜಾಗ. ಈ ಮೂರೂ ಸೇರಿದರೆ ಸುಮಾರು 300. ಅದೇ ಬಜೆಟ್, ಕಾಲು ಭಾಗ ಜಾಗ.

ಇನ್ನೂ ಸಣ್ಣ ಮಾಡುತ್ತೇನೆ, ನನ್ನ ಪೇಟೆಯಷ್ಟೇ ಸಾಕು, 1 ಕಿಲೋಮೀಟರ್ ಇಡುತ್ತೇನೆ ಅನ್ನುವವರಿದ್ದಾರೆ. ಗೂಗಲ್ ಅಷ್ಟಕ್ಕೆ ಬಿಡುತ್ತದೆ. ಆದರೆ ಅಷ್ಟು ಸಣ್ಣ ಜಾಗದಲ್ಲಿ ಜಾಹೀರಾತು ಒಮ್ಮೆ ಕಾಣಬಹುದು, ಒಮ್ಮೆ ಕಾಣದೇ ಇರಬಹುದು. ಹುಡುಕುವವರು ಕಡಿಮೆ, ಮತ್ತೆ ಅವರು ಎಲ್ಲಿದ್ದಾರೆ ಅನ್ನುವ ಅಂದಾಜೂ ಅಷ್ಟು ನಿಖರ ಇರುವುದಿಲ್ಲ.

ಸರ್ಕಲ್‌ಗೆ ಮಳೆಗಾಲವೂ ಗೊತ್ತಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದ್ ಆಗಿತ್ತು. ಅಂತಹ ದಿನಗಳಲ್ಲಿ ಅಂಕೋಲಾದ ಕ್ಲಿನಿಕ್‌ಗೆ ಶಿರೂರಿನ ಆಚೆಯವರ ಕ್ಲಿಕ್ ಬಂದು ಏನು ಪ್ರಯೋಜನ? ಸಣ್ಣ ಸರ್ಕಲ್ ಬೇರೆ ಬೇರೆ ಇದ್ದರೆ ಆ ಕಡೆಯದನ್ನು ಮಾತ್ರ ತೆಗೆದಿಟ್ಟು, ರಸ್ತೆ ತೆರೆದ ಮೇಲೆ ಮತ್ತೆ ಹಾಕಬಹುದು. ಒಂದೇ ದೊಡ್ಡದಾದರೆ ಆಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಫೋನ್ ಬರುತ್ತದೆ. "ಸರ್ಕಲ್ ಸರಿಯಾಗೇ ಹಾಕಿದ್ದೇವೆ, ಆದ್ರೂ ಬೆಂಗಳೂರಿನಿಂದ ಕಾಲ್ ಬರ್ತದಲ್ಲ?" ಬರುತ್ತದೆ. ಯಾಕೆಂದರೆ ಸರ್ಕಲ್‌ನ ಕೆಳಗೆ ಮಡಚಿಟ್ಟಿರುವ `Location options` ಅನ್ನು ನೀವು ತೆರೆದೇ ಇಲ್ಲ. ಅಲ್ಲಿ ಮೊದಲೇ ಆರಿಸಿಟ್ಟಿರುವುದು `Presence or interest`. ಅಂದರೆ ಸರ್ಕಲ್ ಒಳಗೆ ಇರುವವರಿಗೂ ತೋರಿಸು, ಎಲ್ಲೋ ಕೂತು ಆ ಜಾಗದ ಬಗ್ಗೆ ಹುಡುಕುವವರಿಗೂ ತೋರಿಸು ಅಂತ. ಹತ್ತಿರದವರೇ ಬೇಕಾದ ಕ್ಲಿನಿಕ್‌ಗೆ ಅದನ್ನು `Presence` ಮಾಡಿ. ಆಗ ಅಲ್ಲಿ ಇರುವವರು, ಅಲ್ಲಿಗೆ ಆಗಾಗ ಬರುವವರು ಮಾತ್ರ.

ಇದನ್ನು ಪರೀಕ್ಷೆ ಮಾಡುವಾಗಲೂ ಜನ ಮೋಸ ಹೋಗುತ್ತಾರೆ. ರಿಪೋರ್ಟ್‌ನಲ್ಲಿ `City (Matched)` ನೋಡಿ, "ಎಲ್ಲಾ ಕುಮಟಾ ಅಂತಲೇ ಇದೆ" ಅಂತ ಖುಷಿಪಡುತ್ತಾರೆ. ಬೆಂಗಳೂರಿನಲ್ಲಿ ಕೂತವರು ಕುಮಟಾದ ಬಗ್ಗೆ ಹುಡುಕಿದ್ದಕ್ಕೆ ಜಾಹೀರಾತು ಕಂಡಿದ್ದರೆ ಅಲ್ಲಿ ಕುಮಟಾ ಅಂತಲೇ ಬರುತ್ತದೆ. ಮನುಷ್ಯ ನಿಜವಾಗಿ ಎಲ್ಲಿದ್ದ ಅಂತ ನೋಡಲು `City (User location)` ಕಾಲಂ ಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಂಡರೆ ದುಡ್ಡು ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗುತ್ತದೆ.

ಮೊಬೈಲ್, ಕಂಪ್ಯೂಟರ್ ವಿಷಯ ಇದಕ್ಕೇ ಅಂಟಿಕೊಂಡಿದೆ. ಜಿಪಿಎಸ್ ಆನ್ ಇರುವ ಮೊಬೈಲ್ ಎಲ್ಲಿದೆ ಅಂತ ಗೂಗಲ್‌ಗೆ ಚೆನ್ನಾಗಿ ಗೊತ್ತು. ಬ್ರಾಡ್‌ಬ್ಯಾಂಡ್‌ಗೆ ಹಾಕಿದ ಕಂಪ್ಯೂಟರ್‌ನ ಜಾಗವನ್ನು ಹೆಚ್ಚಾಗಿ ಐಪಿ ವಿಳಾಸದಿಂದ ಅಂದಾಜು ಮಾಡಬೇಕಾಗುತ್ತದೆ. ಕುಮಟಾದ ಆಫೀಸಿನಲ್ಲಿರುವ ಕಂಪ್ಯೂಟರ್ ಗೂಗಲ್ ಲೆಕ್ಕದಲ್ಲಿ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರಬಹುದು. ಹಾಗಾಗಿ ಸಣ್ಣ ಸರ್ಕಲ್ ನೆಚ್ಚಿಕೊಳ್ಳಬಹುದಾದದ್ದು ಮೊಬೈಲ್‌ನಲ್ಲಿ. ಅಲ್ಲಿ ಜಾಹೀರಾತಿನಿಂದಲೇ ನೇರ ಫೋನ್ ಮಾಡಲು ಬರುತ್ತದೆ, ಕ್ಲಿನಿಕ್‌ಗೆ ಬೇಕಾದದ್ದೂ ಅದೇ.

ಹಾಗಂತ ಮೊದಲ ದಿನವೇ ಕಂಪ್ಯೂಟರ್ ತೆಗೆದುಹಾಕಬೇಡಿ. ಒಂದು ತಿಂಗಳು ಬಿಟ್ಟು `Devices` ಪುಟ ನೋಡಿ. ಕಂಪ್ಯೂಟರ್‌ನಿಂದ ಕ್ಲಿಕ್ ಇದ್ದು, ಕಾಲ್ ಆಗಲಿ ಅಪಾಯಿಂಟ್‌ಮೆಂಟ್ ಆಗಲಿ ಇಲ್ಲದಿದ್ದರೆ ಆಗ ಕಂಪ್ಯೂಟರ್‌ನ ಬಿಡ್ ಹೊಂದಾಣಿಕೆಯನ್ನು −100% ಮಾಡಿ, ಅಲ್ಲಿ ಜಾಹೀರಾತು ಪೂರ್ತಿ ನಿಲ್ಲುತ್ತದೆ. ಕೆಲವರು −30% ಹಾಕಿ ಕಡಿಮೆ ಮಾಡಿದೆವು ಅಂದುಕೊಳ್ಳುತ್ತಾರೆ. ನಿಮ್ಮ ಬಿಡ್ಡಿಂಗ್, ಅಂದರೆ ಕ್ಲಿಕ್‌ಗೆ ಎಷ್ಟು ಕೊಡಬೇಕು ಅನ್ನುವ ಲೆಕ್ಕ, ಗೂಗಲ್‌ಗೇ ಬಿಡುವ `Maximize conversions` ಆಗಿದ್ದರೆ ಆ −30% ಲೆಕ್ಕಕ್ಕೇ ಇಲ್ಲ. ಅಲ್ಲಿ ಕೆಲಸ ಮಾಡುವುದು −100% ಮಾತ್ರ.

ಈಗ ಒಂದು ಮಾತು. ಎಷ್ಟು ಕಿಲೋಮೀಟರ್ ಅಂತ ಕೇಳುತ್ತೀರಲ್ಲ, ಹುಡುಕುವವರು ಯಾರು, ಬರುವವರು ಯಾರು ಅಂತ ಇವತ್ತಿನ ತನಕ ಒಬ್ಬರಾದರೂ ಕೇಳಿದ್ದೀರಾ? ನನಗೆ ಆ ಪ್ರಶ್ನೆ ಬೇಕು. ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಇವರಿಬ್ಬರೂ ಎಷ್ಟೋ ಸಲ ಬೇರೆ ಬೇರೆ. ಮಂಡಿನೋವು ಕುಮಟಾದ ಆಯಿಗೆ. ಹುಡುಕುವವನು ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ. ಅವನು ರಾತ್ರಿ ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಹುಡುಕಿ, ನಿಮಗೆ ಫೋನ್ ಮಾಡಿ, ಬೆಳಿಗ್ಗೆ ಆಯಿಗೆ ರಿಕ್ಷಾ ಹೇಳುತ್ತಾನೆ. ಆಯಿ ಹತ್ತೂ ಸಲ ಬರುತ್ತಾಳೆ. ನಾನು ಈಗಷ್ಟೇ ಹೇಳಿದ `Presence` ಇವನನ್ನು ಹೊರಗೆ ಹಾಕುತ್ತದೆ. ಬೆಂಗಳೂರಿನ ಕಾಲ್ ಅಂದ ಕೂಡಲೇ "ವೇಸ್ಟ್" ಅಂತ ಫೋನ್ ಇಡುವ ರಿಸೆಪ್ಷನ್‌ನವರೂ ಇವನನ್ನು ಹೊರಗೆ ಹಾಕುತ್ತಾರೆ.

ಇವನನ್ನು ಹಿಡಿಯಲು ಊರಿನ ಕ್ಯಾಂಪೇನ್ ಕೆಡಿಸಬೇಕಾಗಿಲ್ಲ. ಇನ್ನೊಂದು ಸಣ್ಣ ಕ್ಯಾಂಪೇನ್ ಮಾಡಿ. ಜಾಗ ಬೆಂಗಳೂರು, ಅದಕ್ಕೂ `Presence`. ಕೀವರ್ಡ್‌ನಲ್ಲಿ ಊರಿನ ಹೆಸರು ಇರಲೇಬೇಕು:

```
"physiotherapy kumta"
"physiotherapist in kumta"
```

ಆ ಉದ್ಧರಣ ಚಿಹ್ನೆ ಬಿಡಬೇಡಿ. ಅದು ಇದ್ದರೆ ಗೂಗಲ್ ಅದೇ ಅರ್ಥದ ಹುಡುಕಾಟಕ್ಕೆ ಹತ್ತಿರ ಉಳಿಯುತ್ತದೆ. ಆದರೂ ನಿಜವಾಗಿ ಜನ ಏನು ಟೈಪ್ ಮಾಡಿದರು ಅಂತ `Search terms` ನಲ್ಲಿ ವಾರಕ್ಕೊಮ್ಮೆ ನೋಡಿ. ಇಲ್ಲಿ ಕಂಪ್ಯೂಟರ್ ತೆಗೆಯಬೇಡಿ, ಈ ಮಗ ಅಲ್ಲೇ ಸಿಗುವುದು. ಬಜೆಟ್ ಬೇರೆ ಇರುವುದರಿಂದ ಊರಿನವರ ಪಾಲಿನ ದುಡ್ಡು ಇವರು ತಿನ್ನುವುದಿಲ್ಲ. ಜಾಹೀರಾತಿನ ಸಾಲೂ ಬೇರೆ ಇರಲಿ. ಊರಿನವರಿಗೆ ಕ್ಲಿನಿಕ್ ಎಲ್ಲಿದೆ, ಎಷ್ಟು ಗಂಟೆಯ ತನಕ ತೆರೆದಿರುತ್ತದೆ ಅಂತ ಹೇಳಿ. ಮಗನಿಗೆ ಅಪ್ಪ ಅಮ್ಮನ ಅಪಾಯಿಂಟ್‌ಮೆಂಟ್ ಫೋನಿನಲ್ಲೇ ಮಾಡಬಹುದು ಅಂತ ಹೇಳಿ.

ಯಾವ ಸರ್ಕಲ್ ದೊಡ್ಡದು ಮಾಡಬೇಕು, ಯಾವುದನ್ನು ತೆಗೆಯಬೇಕು ಅನ್ನುವುದು ಗೂಗಲ್‌ನ ಪುಟದಲ್ಲಿ ಪೂರ್ತಿ ಸಿಗುವುದಿಲ್ಲ. ಅದಕ್ಕೆ ಕ್ಲಿನಿಕ್‌ನ ರಿಜಿಸ್ಟರ್ ಬೇಕು. ಹೊಸ ರೋಗಿ ಬಂದಾಗ ಮೂರು ವಿಷಯ ಬರೆಸಿ. ಯಾವ ಊರು, ಫೋನ್ ಮಾಡಿದವರು ಯಾರು, ಎರಡನೇ ಸಲ ಬಂದರಾ. ಹೊನ್ನಾವರದಿಂದ ಬಂದವರೆಲ್ಲ ಒಂದೇ ಸಲಕ್ಕೆ ನಿಂತಿದ್ದರೆ ಆ ಸರ್ಕಲ್ ತೆಗೆಯಿರಿ, ಎಷ್ಟೇ ಕ್ಲಿಕ್ ಬರಲಿ. ಸಂತೆಗುಳಿ ಕಡೆಯವರು ಮತ್ತೆ ಮತ್ತೆ ಬರುತ್ತಿದ್ದರೆ ಆ ಕಡೆಗೆ ಒಂದು ಹೊಸದು ಹಾಕಿ.

ನನಗೆ ಫೋನ್ ಮಾಡುವ ಮೊದಲು ಆ ರಿಜಿಸ್ಟರ್‌ನ ಒಂದು ತಿಂಗಳ ಪುಟದಿಂದ ಊರಿನ ಹೆಸರುಗಳನ್ನಷ್ಟೇ ಬರೆದು ಕಳಿಸಿ. ರೋಗಿಗಳ ಹೆಸರು, ಕಾಯಿಲೆ ನನಗೆ ಬೇಡ. ಆಮೇಲೆ ಕಿಲೋಮೀಟರ್ ಮಾತಾಡೋಣ.