ಜೊತೆಗಾರ ಬಿಟ್ಟುಹೋದರೆ ಅವನ ಷೇರು ಯಾರಿಗೆ?

“ನಾವಿಬ್ಬರೂ ಸೇರಿ ಕಂಪನಿ ಮಾಡಿದ್ದೇವೆ, ಅರ್ಧ ಅರ್ಧ ಷೇರು. ನಾಳೆ ಒಬ್ಬ ಬಿಟ್ಟು ಹೋದರೆ ಅವನ ಷೇರು ಏನಾಗುತ್ತೆ? ಅಗ್ರಿಮೆಂಟಲ್ಲಿ ಏನು ಬರೆಸಬೇಕು?”

ಏನೂ ಬರೆಸದಿದ್ದರೆ ಷೇರು ಅವನ ಹತ್ತಿರವೇ ಉಳಿಯುತ್ತದೆ. ಕೆಲಸ ಬಿಟ್ಟ ಮಾತ್ರಕ್ಕೆ ಷೇರು ವಾಪಸ್ ಕೊಡಬೇಕು ಎಂದು ಕಂಪನಿ ಕಾಯ್ದೆ ಎಲ್ಲೂ ಹೇಳುವುದಿಲ್ಲ. ಅದು ಅವನ ಸ್ವತ್ತು. ಅವನು ಬೆಂಗಳೂರಲ್ಲಿ ನೌಕರಿ ಮಾಡಿಕೊಂಡಿದ್ದರೂ ನಿಮ್ಮ ಕಂಪನಿಯ ಅರ್ಧ ಮಾಲೀಕನೇ. ಅರ್ಧ ಅರ್ಧ ಇರುವಲ್ಲಿ ಅವನು ಒಪ್ಪದೆ ಸಾಮಾನ್ಯ ನಿರ್ಣಯವೂ ಪಾಸಾಗುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಯ ಸಭೆಗೆ ಕೋರಂ ಎರಡು ಜನ, ಅವನು ಬಾರದಿದ್ದರೆ ಸಭೆ ಕೂಡಿಸುವುದೇ ಕಷ್ಟ. ಹಣ ಹಾಕಲು ಬಂದವರು ಮೊದಲು ನೋಡುವುದು ಷೇರುದಾರರ ಪಟ್ಟಿ. ಕೆಲಸ ಮಾಡದವನ ಹೆಸರಲ್ಲಿ ಅರ್ಧ ಪಾಲು ಕಂಡರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಇದಕ್ಕಿರುವ ದಾರಿ ವೆಸ್ಟಿಂಗ್. ಷೇರು ಹೆಸರಿಗೆ ಇವತ್ತೇ ಬರುತ್ತದೆ, ಆದರೆ ದುಡಿದಷ್ಟೇ ಖಾಯಂ ಆಗುತ್ತದೆ. ಖಾಯಂ ಆಗದ್ದನ್ನು ಹೋಗುವಾಗ ಮುಖಬೆಲೆಗೆ ವಾಪಸ್ ಕೊಡಬೇಕು. ರೂಢಿಯಲ್ಲಿರುವುದು 4 ವರ್ಷದ ಅವಧಿ, ಮೊದಲ 1 ವರ್ಷ ಕ್ಲಿಫ್. ಅಂದರೆ ವರ್ಷ ತುಂಬುವ ಮೊದಲು ಹೋದರೆ ಏನೂ ಇಲ್ಲ. ತುಂಬಿದ ದಿನ ಕಾಲು ಭಾಗ ಒಟ್ಟಿಗೆ, ಆಮೇಲೆ ತಿಂಗಳಿಗಿಷ್ಟು.

ಚಿಕ್ಕಮಗಳೂರಿನ ಇಬ್ಬರು ಗೆಳೆಯರು ಕಣದಲ್ಲಿ ಒಣಗುವ ಕಾಫಿಯ ತೇವಾಂಶ ಅಳೆಯುವ ಸಾಧನ ಮಾಡುತ್ತಿದ್ದಾರೆ ಎಂದುಕೊಳ್ಳಿ. ಒಬ್ಬನದು ಸರ್ಕ್ಯೂಟು, ಸಾಫ್ಟ್‌ವೇರು; ಇನ್ನೊಬ್ಬನದು ತೋಟಗಳ ಓಡಾಟ, ಮಾರಾಟ. 10 ರೂಪಾಯಿ ಮುಖಬೆಲೆಯ ಷೇರು ತಲಾ 4,800, ಒಟ್ಟು 9,600. 48 ತಿಂಗಳಿಗೆ 4,800 ಎಂದರೆ ತಿಂಗಳಿಗೆ ಸರಿಯಾಗಿ 100. (ಹೀಗೆ 48ರಿಂದ ಭಾಗವಾಗುವ ಸಂಖ್ಯೆ ಇಟ್ಟುಕೊಂಡರೆ ಮುಂದೆ ಒಂದು ಷೇರನ್ನೇ ಒಡೆಯಬೇಕಾದ ತಕರಾರು ಬರುವುದಿಲ್ಲ.) ಮಾರಾಟದವನು 20 ತಿಂಗಳು ತುಂಬಿದ ಮೇಲೆ ಬಿಟ್ಟ. ಅವನಿಗೆ ಖಾಯಂ ಆದದ್ದು 2,000. ಉಳಿದ 2,800 ಇನ್ನೊಬ್ಬನಿಗೆ 28,000 ರೂಪಾಯಿಗೆ ಹೋಗುತ್ತದೆ. ಈಗ ಉಳಿದವನ ಹತ್ತಿರ 7,600, ಅಂದರೆ ಶೇ. 79ಕ್ಕಿಂತ ಸ್ವಲ್ಪ ಹೆಚ್ಚು. ವಿಶೇಷ ನಿರ್ಣಯಕ್ಕೆ ಬೇಕಾದ ಶೇ. 75 ದಾಟಿತು, ಕಂಪನಿ ನಡೆಯುತ್ತದೆ. ಹೋದವನ 20 ತಿಂಗಳ ದುಡಿಮೆಗೂ ಸುಮಾರು ಶೇ. 21ರಷ್ಟು ಪಾಲು ಉಳಿಯಿತು. ಇದು ಇಬ್ಬರಿಗೂ ನ್ಯಾಯವಾದ ಲೆಕ್ಕ ಎಂದೇ ನಮ್ಮ ಅಭಿಪ್ರಾಯ.

ಜಗಳ ಹುಟ್ಟುವುದು ಈ ಲೆಕ್ಕದಲ್ಲಲ್ಲ, “ಬಿಟ್ಟು ಹೋಗುವುದು” ಎಂದರೆ ಏನು ಎನ್ನುವುದರಲ್ಲಿ. ರಾಜೀನಾಮೆ ಬರೆದುಕೊಟ್ಟು ಹೋಗುವವರು ಕಡಿಮೆ. ಸುಮ್ಮನೆ ಬರುವುದು ಕಡಿಮೆ ಮಾಡುತ್ತಾರೆ, ಫೋನ್ ಎತ್ತುವುದಿಲ್ಲ. ನಮ್ಮ ಕಡೆಯಂತೂ ಕೊಯ್ಲು ಶುರುವಾದರೆ ತೋಟ ಇರುವವನು ತೋಟದಲ್ಲೇ ಇರುತ್ತಾನೆ, ಅದು ತಪ್ಪೂ ಅಲ್ಲ. ಆದ್ದರಿಂದ ಅಗ್ರಿಮೆಂಟಲ್ಲಿ ಬಿಡಿಸಿ ಬರೆಯಿರಿ: ಕೊಯ್ಲಿಗೆಂದು ವರ್ಷಕ್ಕೆ ಇಷ್ಟು ವಾರ ರಜೆ, ಆ ಅವಧಿಯಲ್ಲಿ ವೆಸ್ಟಿಂಗ್ ನಡೆಯುತ್ತದೋ ನಿಲ್ಲುತ್ತದೋ. ಅದು ಬಿಟ್ಟು ಸತತ 45 ದಿನ ಕೆಲಸಕ್ಕೆ ಬಾರದೆ, ಲಿಖಿತ ನೋಟಿಸ್ ಕೊಟ್ಟು 15 ದಿನವಾದರೂ ಮರಳದಿದ್ದರೆ ಬಿಟ್ಟಂತೆ. ಬೇರೆ ಕಡೆ ಪೂರ್ಣಾವಧಿ ನೌಕರಿಗೆ ಸೇರಿದರೆ ಆ ದಿನವೇ ಬಿಟ್ಟಂತೆ. ಕಾಯಿಲೆ, ಸಾವು ಬೇರೆಯೇ ಸಾಲಿನಲ್ಲಿ ಬರಲಿ. ಅಲ್ಲಿ ಖಾಯಂ ಆದ ಷೇರು ಮನೆಯವರಿಗೆ ಉಳಿಯಬೇಕು, ಅವರು ಮಾರುವುದಾದರೆ ಮೌಲ್ಯಮಾಪನದ ಬೆಲೆಗೆ ಕೊಳ್ಳುವ ಮೊದಲ ಹಕ್ಕು ಉಳಿದವನಿಗೆ. ಮೋಸ, ಹಣ ದುರುಪಯೋಗ ಮಾಡಿ ಹೋದವನಿಂದ ಖಾಯಂ ಆದದ್ದನ್ನೂ ಮುಖಬೆಲೆಗೆ ಪಡೆಯುವ ಷರತ್ತು ಹಾಕಬಹುದು. ಆದರೆ ಮೋಸವೋ ಅಲ್ಲವೋ ಎಂದು ತೀರ್ಮಾನಿಸುವವನು ಎದುರಾಳಿ ಪಾಲುದಾರನೇ ಆಗಬಾರದು. ಇಬ್ಬರೂ ಒಪ್ಪಿದ ಮಧ್ಯಸ್ಥರನ್ನು ಸಹಿ ಹಾಕುವ ದಿನವೇ ಹೆಸರಿಸಿಡಿ.

ಇನ್ನು ಷೇರು ನಿಜವಾಗಿ ಕೈಬದಲಾಗುವ ಹಂತ. ಕಂಪನಿಯೇ ವಾಪಸ್ ಕೊಳ್ಳಲಿ ಎಂದು ಬರೆಸುವವರಿದ್ದಾರೆ. ಬೈಬ್ಯಾಕಿಗೆ ಕಾಯ್ದೆಯ ಮಿತಿಗಳಿವೆ, ಲಾಭವೇ ಕಾಣದ ಹೊಸ ಕಂಪನಿಗೆ ಅದು ಹೆಚ್ಚುಕಡಿಮೆ ಆಗದ ಮಾತು. ಕೊಳ್ಳುವವನು ಉಳಿದ ಪಾಲುದಾರ ಎಂದೇ ಬರೆಯಿರಿ. ಕಾಗದದ ಷೇರಾದರೆ ಎಸ್‌ಎಚ್-4 ಫಾರಂ ಬೇಕು, ಸಹಿಯಾದ 60 ದಿನದೊಳಗೆ ಅದು ಕಂಪನಿಗೆ ತಲುಪಬೇಕು. ಸ್ಟಾಂಪ್ ಡ್ಯೂಟಿ ಶೇ. 0.015, ನಮ್ಮ 28,000ಕ್ಕೆ 4 ರೂಪಾಯಿ 20 ಪೈಸೆ. ಖರ್ಚು ಅಷ್ಟೇ, ಆದರೆ ಮುನಿಸಿಕೊಂಡು ಹೋದವನು ಆ ಫಾರಂಗೆ ಸಹಿ ಹಾಕಬೇಕಲ್ಲ? ಅದಕ್ಕೇ ಅಗ್ರಿಮೆಂಟಿನ ದಿನವೇ, ಖಾಯಂ ಆಗದ ಷೇರಿನ ಮಟ್ಟಿಗೆ, ಪರಸ್ಪರ ಮುಖ್ತ್ಯಾರ್‌ನಾಮೆ ಬರೆದುಕೊಳ್ಳಬೇಕು. ಪಡೆದವನ ಹಿತ ಅದರಲ್ಲಿ ಸೇರಿದ್ದರೆ ಕಾಂಟ್ರ್ಯಾಕ್ಟ್ ಕಾಯ್ದೆಯ 202ನೇ ಸೆಕ್ಷನ್ ಪ್ರಕಾರ ಕೊಟ್ಟವನು ಅದನ್ನು ತನ್ನಿಷ್ಟಕ್ಕೆ ರದ್ದು ಮಾಡಲಾರ.

ಇದೆಲ್ಲ ಅಗ್ರಿಮೆಂಟಲ್ಲಿ ಮಾತ್ರ ಇದ್ದರೆ ಸಾಲದು. ಷೇರು ವರ್ಗಾವಣೆಯ ನಿರ್ಬಂಧ ಕಂಪನಿಯ ಒಳನಿಯಮಗಳಾದ ಆರ್ಟಿಕಲ್ಸ್‌ನಲ್ಲಿ ಇಲ್ಲದಿದ್ದರೆ ಅದು ಕಂಪನಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟು ವಿ.ಬಿ. ರಂಗರಾಜ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ವಿಶೇಷ ನಿರ್ಣಯ ಮಾಡಿ ಈ ಷರತ್ತುಗಳನ್ನು ಆರ್ಟಿಕಲ್ಸ್‌ಗೆ ಸೇರಿಸಿ, 30 ದಿನದೊಳಗೆ ಕಂಪನಿ ರಿಜಿಸ್ಟ್ರಾರರಿಗೆ ಎಂಜಿಟಿ-14 ಫಾರಂ ಫೈಲ್ ಮಾಡಿ. ಅಗ್ರಿಮೆಂಟಿಗೆ ಅಂದವಾಗಿ ಸಹಿ ಹಾಕಿ ಇದೊಂದನ್ನು ಬಿಟ್ಟವರೇ ಹೆಚ್ಚು.

ತೆರಿಗೆಯ ಕಡೆಯೂ ಗಮನವಿರಲಿ. ಷೇರನ್ನು ನ್ಯಾಯಬೆಲೆಗಿಂತ ಕಡಿಮೆಗೆ ಪಡೆದು, ವ್ಯತ್ಯಾಸ 50,000 ದಾಟಿದರೆ ಪೂರ್ತಿ ವ್ಯತ್ಯಾಸ ಪಡೆದವನ ಆದಾಯ ಎಂದು ಎಣಿಕೆಯಾಗುತ್ತದೆ. ನಮ್ಮ ಉದಾಹರಣೆಯಲ್ಲಿ ನ್ಯಾಯಬೆಲೆ ಷೇರಿಗೆ 25 ಇದ್ದರೆ ವ್ಯತ್ಯಾಸ 42,000, ತೊಂದರೆಯಿಲ್ಲ. 40 ಇದ್ದರೆ 84,000, ಅಷ್ಟಕ್ಕೂ ತೆರಿಗೆ. ಹೊರಗಿನ ಬಂಡವಾಳ ಬಂದ ಮೇಲೆ ಈ ಬೆಲೆ ಏರುತ್ತದೆ. ವರ್ಗಾವಣೆಗೆ ಮೊದಲೇ ನಿಮ್ಮ ಸಿಎ ಹತ್ತಿರ ಲೆಕ್ಕ ಹಾಕಿಸಿ.

ಒಂಬತ್ತನೇ ತಿಂಗಳಲ್ಲೇ ಒಬ್ಬ ಹೋದರೆ ಎಲ್ಲ 4,800 ಷೇರೂ ವಾಪಸ್ ಬರುತ್ತವೆ, ಕಂಪನಿಯಲ್ಲಿ ಒಬ್ಬನೇ ಷೇರುದಾರ, ಒಬ್ಬನೇ ಡೈರೆಕ್ಟರ್ ಉಳಿಯುತ್ತಾನೆ. ಕಾಯ್ದೆಗೆ ಎರಡೂ ಕಡೆ ಇಬ್ಬರು ಬೇಕು. ಒಬ್ಬನೇ ಷೇರುದಾರ ಎಂದು ಗೊತ್ತಿದ್ದೂ ಆರು ತಿಂಗಳಿಗಿಂತ ಹೆಚ್ಚು ವ್ಯವಹಾರ ಮುಂದುವರಿಸಿದರೆ, ಆಮೇಲೆ ಆಗುವ ಸಾಲಕ್ಕೆ ಅವನೇ ವೈಯಕ್ತಿಕ ಹೊಣೆ. ಆದ್ದರಿಂದ ವಾಪಸ್ ಬರುವ ಷೇರಲ್ಲಿ ಒಂದನ್ನಾದರೂ ತಾನು ಹೆಸರಿಸಿದ ಇನ್ನೊಬ್ಬರಿಗೆ ವರ್ಗಾಯಿಸುವ ಹಕ್ಕು ಉಳಿದವನಿಗಿರಬೇಕು. ಡೈರೆಕ್ಟರ್ ರಾಜೀನಾಮೆ ತಿಳಿಸುವ ಡಿಐಆರ್-12 ಫಾರಂ ಸಲ್ಲಿಸಲು 30 ದಿನ ಇದೆ. ಹೊಸ ಡೈರೆಕ್ಟರನ್ನು ಅಷ್ಟರೊಳಗೆ ನೇಮಿಸಿಕೊಂಡರೆ ಒಳ್ಳೆಯದು.

ಇನ್ನು ಸಾಫ್ಟ್‌ವೇರು. ಕಂಪನಿ ನೋಂದಣಿಗೆ ಮೊದಲು ಬರೆದ ಕೋಡು ಬರೆದವನದೇ. ಅದನ್ನು ಕಂಪನಿಗೆ ಲಿಖಿತವಾಗಿ ವಹಿಸಬೇಕು. ಅವಧಿ ಬರೆಯದಿದ್ದರೆ ಕಾಪಿರೈಟ್ ಕಾಯ್ದೆ ಅದನ್ನು ಬರೀ 5 ವರ್ಷಕ್ಕೆ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಓದಿಕೊಳ್ಳುತ್ತದೆ. “ಪೂರ್ಣ ಕಾಪಿರೈಟ್ ಅವಧಿಗೆ, ಪ್ರಪಂಚದಾದ್ಯಂತ” ಎಂಬ ಮಾತು ಇರಲೇಬೇಕು. ಡೊಮೈನು, ಆಪ್ ಸ್ಟೋರ್ ಖಾತೆ ಯಾರ ಖಾಸಗಿ ಇಮೇಲಿನಲ್ಲಿದೆ ಎಂದು ಇವತ್ತೇ ನೋಡಿ, ಕಂಪನಿಯ ವಿಳಾಸಕ್ಕೆ ಬದಲಿಸಿ.

ಹೋದವನು ಎರಡು ವರ್ಷ ಇದೇ ವ್ಯಾಪಾರ ಮಾಡಬಾರದು ಎಂದು ಬರೆಸಲು ಎಲ್ಲರಿಗೂ ಆಸೆ. ಕೆಲಸ ಬಿಟ್ಟ ನಂತರದ ಅಂಥ ನಿರ್ಬಂಧ ಕಾಂಟ್ರ್ಯಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಮುಂದೆ ನಿಲ್ಲುವುದಿಲ್ಲ. ಜೊತೆಯಲ್ಲಿರುವಾಗ ನಿರ್ಬಂಧ ಹಾಕಬಹುದು. ಹೋದ ಮೇಲೂ ಉಳಿಯುವುದು ಗುಟ್ಟು ಕಾಪಾಡುವ ಷರತ್ತು. ತೋಟಗಳ ಗ್ರಾಹಕರ ಪಟ್ಟಿ, ಬೆಲೆ, ಸರ್ಕ್ಯೂಟಿನ ವಿನ್ಯಾಸ ಅದರಲ್ಲಿ ಹೆಸರು ಹಿಡಿದು ಬರಲಿ.