ಮುನ್ನೂರ ಇಪ್ಪತ್ತೈದು ರೂಪಾಯಿಯ ಲಕೋಟೆ

ಕಳೆದ ಭಾನುವಾರ ಸೋಮವಾರಪೇಟೆ ಬಳಿಯ ನಮ್ಮ ಶಾಲೆಯಲ್ಲಿ ದತ್ತಿ ಬಹುಮಾನ ಪಡೆದ ಹುಡುಗಿ ಲಕೋಟೆಯನ್ನು ಅಲ್ಲಿಯೇ ಬಿಡಿಸಿದಳು. ಒಳಗೆ ನೂರರ ಮೂರು ನೋಟು, ಹತ್ತರ ಎರಡು ನೋಟು, ಐದರ ಒಂದು ನಾಣ್ಯ. ನಾಣ್ಯ ಜಾರಿ ಬಿದ್ದು ವೇದಿಕೆಯ ಮೇಲೆ ಉರುಳಿದ ಸದ್ದು ಈ ವಾರವಿಡೀ ನನ್ನ ಕಿವಿಯಲ್ಲಿದೆ.

ಯಾರೂ ಹಣ ತಿಂದಿಲ್ಲ. ತೊಂಬತ್ತರ ದಶಕದಲ್ಲಿ ದಾನಿಯೊಬ್ಬರು ಇಟ್ಟ 5,000 ರೂಪಾಯಿ ಹಾಗೆಯೇ ಇದೆ. ಆಗ ಬ್ಯಾಂಕು ಶೇಕಡಾ 12ರ ಬಡ್ಡಿ ಕೊಡುತ್ತಿದ್ದುದರಿಂದ ವರ್ಷಕ್ಕೆ 600 ರೂಪಾಯಿ ಬರುತ್ತಿತ್ತು. ಈಗ ಶೇಕಡಾ 6.5ರಂತೆ 325 ಬರುತ್ತದೆ. ಅಸಲು ಮುಟ್ಟಬಾರದೆಂಬ ಷರತ್ತನ್ನು ಸಂಘ ಅಕ್ಷರಶಃ ಪಾಲಿಸಿದೆ. ಬಡ್ಡಿಯ ದರ ಇಳಿದರೆ ಏನು ಮಾಡಬೇಕೆಂದು ಮಾತ್ರ ಯಾರೂ ಬರೆದಿಡಲಿಲ್ಲ.

ಅದೇ ಸಭೆಯ ನಂತರ ಹಿರಿಯ ಬೆಳೆಗಾರರೊಬ್ಬರು ಚೆಕ್ ಹಿಡಿದು ಬಂದರು. ಮಾತು ಕಡಿಮೆ, ಲೆಕ್ಕದಲ್ಲಿ ಬಿಗಿ. ನನಗೆ ಅವರ ಮೇಲೆ ಗೌರವವೂ ಇದೆ, ಸ್ವಲ್ಪ ಅಂಜಿಕೆಯೂ ಇದೆ. "ಅವ್ವನ ಹೆಸರಿನಲ್ಲಿ ವರ್ಷಕ್ಕೆ 12,000. ನಾನು ಹೋದ ಮೇಲೂ ನಿಲ್ಲಬಾರದು. 1,60,000 ಇದೆ, ಬಡ್ಡಿ ಸರಿಯಾಗಿ ಅಷ್ಟೇ ಆಗುತ್ತದೆ" ಎಂದರು.

ವರ್ಷಕ್ಕೆ ಬೇಕಾದ ಮೊತ್ತವನ್ನು ಬಡ್ಡಿಯ ದರದಿಂದ ಭಾಗಿಸಿದರೆ ಇಡುಗಂಟು ಸಿಗುತ್ತದೆ. ಅವರು ಮಾಡಿದ್ದೂ ಅದನ್ನೇ. ಆದರೆ ಭಾಗಿಸಿದ 7.5 ಅವರ ಸ್ವಂತ ಠೇವಣಿಯ ದರ. ಅದರಲ್ಲಿ ಅರ್ಧ ಶೇಕಡಾ ಹಿರಿಯ ನಾಗರಿಕರಿಗೆಂದು ಸೇರಿದ್ದು, ಸಂಘದ ಹೆಸರಿನ ಠೇವಣಿಗೆ ಅದು ಸಿಗುವುದಿಲ್ಲ. ಶೇಕಡಾ 7ರಂತೆ ಬರುವುದು 11,200 ಮಾತ್ರ. "800 ತಾನೇ, ಅಸಲಿನಿಂದ ತೆಗೆಯಿರಿ ಮಾರಾಯರೆ" ಎಂದು ಅವರು ನಕ್ಕರು. ನಾನು ನಗಲಿಲ್ಲ. ಮೊದಲ ವರ್ಷ 800 ತೆಗೆದರೆ ಮರುವರ್ಷ ಬಡ್ಡಿ 56 ರೂಪಾಯಿ ಕಡಿಮೆಯಾಗುತ್ತದೆ, ಆಗ ಅಸಲಿನಿಂದ 856 ಬೇಕಾಗುತ್ತದೆ. ಹೀಗೆ ಸಾಗಿದರೆ ದರ ಒಂದಿಷ್ಟೂ ಇಳಿಯದಿದ್ದರೂ ಸುಮಾರು 40 ವರ್ಷಕ್ಕೆ ಇಡುಗಂಟು ಬರಿದಾಗುತ್ತದೆ. ಕೊನೆಯ ಹತ್ತು ವರ್ಷಗಳಲ್ಲಿ ಅದು ಕರಗುವ ವೇಗವನ್ನು ಕಾಗದದ ಮೇಲೆ ತೋರಿಸಿದಾಗ ಅವರ ನಗು ನಿಂತಿತು.

ಠೇವಣಿ ಪ್ರತಿ ಬಾರಿ ನವೀಕರಣವಾಗುವಾಗ ದರ ಬದಲಾಗುವುದರಿಂದ, ಇಂದಿನ ದರಕ್ಕಿಂತ ಕೆಳಗಿನ ದರ ಹಿಡಿದು ಲೆಕ್ಕ ಹಾಕುವುದು ಕ್ಷೇಮ. ಶೇಕಡಾ 6 ಎಂದುಕೊಂಡರೆ 2,00,000 ಬೇಕು. ಬಡ್ಡಿ ಕೈಗೆ ಬರಲು ಒಂದು ವರ್ಷ ಕಾಯಬೇಕಾದ್ದರಿಂದ, ಈ ವರ್ಷವೇ ಕೊಡುವುದಾದರೆ ಇನ್ನೊಂದು 12,000 ಬೇರೆಯಾಗಿ ಸೇರಬೇಕು. ಶೇಕಡಾ 7 ಬಂದ ವರ್ಷ ಉಳಿಯುವ 2,000 ಅಸಲಿಗೇ ಸೇರಬೇಕೆಂದು ದತ್ತಿಪತ್ರದಲ್ಲಿ ಬರೆಯಬೇಕು. ಇಲ್ಲವಾದರೆ ಅದು ಸಭೆಯ ಕಾಫಿ ತಿಂಡಿಗೆ ಹೋಗುತ್ತದೆ, ನಮ್ಮ ಸಂಘವನ್ನು ನಾನು ಬಲ್ಲೆ.

ಇಷ್ಟಾದರೂ ಆ 12,000 ರೂಪಾಯಿಯ ಬೆಲೆ ಸವೆಯುತ್ತಲೇ ಹೋಗುತ್ತದೆ. ಮೊತ್ತ ವರ್ಷಕ್ಕೆ ಶೇಕಡಾ 5ರಂತೆ ಏರುತ್ತಿರಬೇಕೆಂದರೆ ಶೇಕಡಾ 7ರಲ್ಲಿ 5 ಕಳೆದು ಉಳಿದ 2ರಿಂದ ಭಾಗಿಸಬೇಕು, ಆಗ ಇಡುಗಂಟು 6,00,000 ಆಗುತ್ತದೆ. ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು.

ಮಂಗಳವಾರ 2,12,000ದ ಚೆಕ್ ಬಂತು. "ಉಳಿದದ್ದು ಈ ಸಲದ ಕೊಯ್ಲು ಮುಗಿದ ಮೇಲೆ ನೋಡೋಣ" ಎಂದವರು, ಹೋಗುವಾಗ ತಿರುಗಿ ಕೇಳಿದರು: "ಆ 5,000 ಇಟ್ಟವರ ಮಕ್ಕಳಿಗೆ 325ರ ವಿಷಯ ಯಾರಾದರೂ ತಿಳಿಸಿದ್ದೀರಾ?"