ಮೊರದ ಬಾಗಿನ ಉಳಿಯಿತು, ಸೀರೆ ಮರಳಿತು

ಈ ಸಲದ ಗೌರಿ ಹಬ್ಬದಂದು ರಾಜಾಜಿನಗರದ ಅಕ್ಕನ ಮನೆಗೆ ಹೆಂಡತಿಯ ಜೊತೆ ಬಾಗಿನ ತೆಗೆದುಕೊಂಡು ಹೋದೆ. ಗಾಂಧಿ ಬಜಾರಿನಿಂದ ತಂದ ಜೋಡಿ ಮೊರಕ್ಕೆ ಅರಿಸಿನ ಬಳಿದು, ಅಕ್ಕಿ, ಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ರವಿಕೆ ಕಣ, ಬಳೆ, ಬಿಚ್ಚೋಲೆಗಳನ್ನು ಅವಳು ಎಂದಿನಂತೆಯೇ ತುಂಬಿದ್ದಳು. ಅದರ ಜೊತೆಗೆ ನಾನು ಒಂದು ಮೈಸೂರು ರೇಷ್ಮೆ ಸೀರೆಯನ್ನೂ ಕೊಂಡಿದ್ದೆ. ಹಿಂದೆ ಯಾವ ಹಬ್ಬಕ್ಕೂ ನಾನು ಅಕ್ಕನಿಗೆ ಅಷ್ಟು ಬೆಲೆಯದನ್ನು ಕೊಟ್ಟಿರಲಿಲ್ಲ.

ಗೌರಿ ಹಬ್ಬಕ್ಕೆ ಮೂರು ವಾರ ಮೊದಲು, ವರಮಹಾಲಕ್ಷ್ಮಿಯ ಊಟಕ್ಕೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದಾಗ, ತಾತನ ಕಾಲದ ಮನೆಯ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಅಕ್ಕ ಒಪ್ಪಲಿಲ್ಲ. "ನಿನ್ನ ಪಾಲು ಮದುವೆಗೇ ಖರ್ಚಾಯಿತಲ್ಲ" ಎಂದುಬಿಟ್ಟೆ. ಅವಳ ಅಳಿಯ ಎದುರಿಗೇ ಕುಳಿತಿದ್ದರು. ಆ ಮಾತು ಕಾನೂನಿನ ಪ್ರಕಾರವೂ ಸುಳ್ಳು ಎಂಬುದು ನನಗೆ ಗೊತ್ತಿತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ, ಅಕ್ಕನಂತೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಆ ಭೇದವನ್ನು ಕೇಂದ್ರದ 2005ರ ತಿದ್ದುಪಡಿ ತೆಗೆದುಹಾಕಿತು. ಸಹಿ ಮಾಡುವುದೂ ಬಿಡುವುದೂ ಅವಳ ಇಷ್ಟ. ಅವಳ ಬಾಯಿ ಕಟ್ಟಬೇಕೆಂದೇ ನಾನು ಮದುವೆಯ ಖರ್ಚನ್ನು ಎತ್ತಿದ್ದೆ.

ಹಬ್ಬದ ದಿನ ಅಕ್ಕ ಸೆರಗು ಮುಚ್ಚಿ ಬಾಗಿನ ತೆಗೆದುಕೊಂಡಳು, ನನ್ನ ಹೆಂಡತಿಯ ಕೈ ಹಿಡಿದು ಮಾತನಾಡಿಸಿದಳು. ಎಲ್ಲ ಸರಿಹೋಯಿತೆಂದುಕೊಂಡು ನಾನು ಅಡುಗೆಮನೆಗೆ ಹೋಗಿ ಸೀರೆಯ ಪೊಟ್ಟಣವನ್ನು ಕೊಟ್ಟೆ. ಅವಳು ಅದನ್ನು ಬಿಚ್ಚಿ, ಜರಿಯ ಅಂಚನ್ನು ಬೆರಳಿನಿಂದ ಒಮ್ಮೆ ಸವರಿ, ಮೊದಲಿದ್ದ ಮಡಿಕೆಗೇ ಮಡಿಸಿ ನನ್ನ ಕೈಗಿಟ್ಟಳು.

"ಅಂದಿದ್ದು ಅಳಿಯನ ಮುಂದೆ, ಕೊಡೋದು ಅಡುಗೆಮನೇಲಾ? ಆ ಪತ್ರ ಇನ್ನೂ ಲಾಯರ್ ಹತ್ರಾನೇ ಇದೆಯಲ್ಲ?"

ಈ ಎರಡು ಪ್ರಶ್ನೆಗಳನ್ನು ವಾರವಿಡೀ ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದೇನೆ. ಅಕ್ಕ ಹಟಮಾರಿಯಲ್ಲ, ಹಾಗಿದ್ದರೆ ಮೊರವನ್ನೂ ತಿರಸ್ಕರಿಸುತ್ತಿದ್ದಳು. ಬಾಗಿನ ತವರಿನಿಂದ ಅವಳಿಗೆ ಬರಬೇಕಾದದ್ದು, ಅದಕ್ಕೆ ಪ್ರತಿಯಾಗಿ ಅವಳು ಏನನ್ನೂ ಕೊಡಬೇಕಿಲ್ಲ. ಸೀರೆಯನ್ನು ಉಟ್ಟಿದ್ದರೆ ಮಾತ್ರ, ನಾಲ್ಕು ಜನರ ಮುಂದೆ ಆಡಿದ ಮಾತನ್ನು ಯಾರಿಗೂ ಕಾಣದಂತೆ ಅವಳೇ ನುಂಗಿಕೊಂಡಂತಾಗುತ್ತಿತ್ತು, ಮತ್ತು ಪತ್ರ ಲಾಯರ್ ಬಳಿ ಇರುವವರೆಗೆ ಆ ಸೀರೆ ಸಹಿಗೆ ಕೊಟ್ಟ ಮುಂಗಡದಂತೆಯೇ ಕಾಣುತ್ತಿತ್ತು. ಹೆಚ್ಚು ಬೆಲೆ ಕೊಟ್ಟಷ್ಟೂ ಆ ಅನುಮಾನ ಬಲವಾಗುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಕ್ಷಮಿಸು ಎಂಬ ಒಂದು ಮಾತನ್ನು ನಾನು ಅಂದೂ ಆಡಿರಲಿಲ್ಲ, ಅಡುಗೆಮನೆಯಲ್ಲೂ ಆಡಲಿಲ್ಲ.

ನಿನ್ನೆ ಲಾಯರ್‌ಗೆ ಫೋನ್ ಮಾಡಿ ಪತ್ರವನ್ನು ವಾಪಸ್ ಕೇಳಿದೆ. ಅಳಿಯಂದಿರಿಗೆ ಮಾಡಬೇಕಾದ ಫೋನ್ ಇನ್ನೂ ಬಾಕಿ ಇದೆ. ಎರಡು ಸಲ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕತ್ತರಿಸಿದೆ.